ಹೆಸರು ಸರಿ, ಗೆರೆ ಪಕ್ಕದ ಭಾಗಕ್ಕೆ: ಜೀವಶಾಸ್ತ್ರದ ಚಿತ್ರದಲ್ಲಿ ಭಾಗ ಗುರುತಿಸುವುದು ಹೇಗೆ?

ಕಣ್ಣಿನ ಸೀಳುನೋಟದ ಚಿತ್ರ. ವಿದ್ಯಾರ್ಥಿ ‘ರೆಟಿನಾ’ ಎಂದು ಸರಿಯಾಗಿಯೇ ಬರೆದಿದ್ದಾನೆ, ಕಾಗುಣಿತವೂ ತಪ್ಪಿಲ್ಲ. ಆದರೆ ಆ ಹೆಸರಿನಿಂದ ಹೊರಟ ಗೆರೆ ರೆಟಿನಾವನ್ನು ಮುಟ್ಟುವ ಮೊದಲೇ ನಡುವಿನ ಪದರದಲ್ಲಿ ನಿಂತುಬಿಟ್ಟಿದೆ. ಮೌಲ್ಯಮಾಪಕರ ಕಣ್ಣು ಹೋಗುವುದು ಗೆರೆಯ ತುದಿಗೆ. ತುದಿ ಕೊರಾಯ್ಡ್ ಮೇಲಿದ್ದರೆ ವಿದ್ಯಾರ್ಥಿ ಕೊರಾಯ್ಡನ್ನೇ ರೆಟಿನಾ ಎಂದಂತಾಯಿತು. ಗೊತ್ತಿರುವ ಉತ್ತರಕ್ಕೆ ಹೀಗೆ ಅಂಕ ಹೋಗುವುದು ನಿಜಕ್ಕೂ ಸಂಕಟದ ಸಂಗತಿ. ಕಣ್ಣಿನ ಚಿತ್ರವನ್ನೇ ಇಟ್ಟುಕೊಂಡು ಇದನ್ನು ತಪ್ಪಿಸುವ ಕ್ರಮ ನೋಡೋಣ.

ಮೊದಲ ಹೆಜ್ಜೆ ಚಿತ್ರ ಬರೆಯುವಾಗಲೇ ಇದೆ. ನಮ್ಮ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿ.ಮೀ. ರೆಟಿನಾದ ದಪ್ಪ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಅದೇ ಪ್ರಮಾಣದಲ್ಲಿ 10 ಸೆಂ.ಮೀ. ಅಗಲದ ಕಣ್ಣು ಬರೆದರೆ ರೆಟಿನಾಕ್ಕೆ ಸಿಗುವ ಜಾಗ ಎರಡು ಮಿಲಿಮೀಟರ್ ಕೂಡ ಇಲ್ಲ. ಹಾಗಾಗಿ ಪದರಗಳನ್ನು ಬೇಕೆಂದೇ ದಪ್ಪ ಮಾಡಿ, ಒಂದೊಂದಕ್ಕೂ 3 ಮಿ.ಮೀ. ಆದರೂ ಕೊಡಿ. ಇನ್ನೊಂದು ಮಾತು: ಹೊರಗಿನ ಸ್ಕ್ಲೀರಾ, ನಡುವಿನ ಕೊರಾಯ್ಡ್, ಒಳಗಿನ ರೆಟಿನಾ, ಈ ಮೂರು ಪದರಗಳಿಗೆ ನಾಲ್ಕು ಬಾಗುಗೆರೆಗಳು ಬೇಕು. ಬಹಳ ಮಂದಿ ಮೂರೇ ಎಳೆಯುತ್ತಾರೆ. ಆಗ ಗೆರೆಯೇ ಪದರವೋ, ಎರಡು ಗೆರೆಗಳ ನಡುವಿನ ಜಾಗ ಪದರವೋ ಎಂಬುದು ಬರೆದವರಿಗೂ ಸ್ಪಷ್ಟವಿರುವುದಿಲ್ಲ. ನನ್ನ ಪ್ರಕಾರ ಪಕ್ಕದ ಭಾಗಕ್ಕೆ ಗೆರೆ ತಾಗುವ ತಪ್ಪಿನ ಬೇರು ಇಲ್ಲೇ ಇದೆ, ಕೈ ನಡುಗಿದ್ದರಲ್ಲಿ ಅಲ್ಲ.

ಗುರುತಿಸುವಾಗ ಹೆಸರು ಬರೆದು ಅಲ್ಲಿಂದ ಚಿತ್ರದ ಕಡೆಗೆ ಗೆರೆ ಎಳೆಯುವುದು ಸಾಮಾನ್ಯ ಅಭ್ಯಾಸ. ಇದನ್ನು ತಿರುವುಮುರುವು ಮಾಡಿ. ಚೂಪಾದ ಪೆನ್ಸಿಲ್ಲಿನ ಮೊನೆಯನ್ನು ರೆಟಿನಾ ಪದರದ ನಟ್ಟನಡುವೆ ಊರಿ, ಸ್ಕೇಲನ್ನು ಮೊನೆಗೆ ತಾಗಿಸಿ, ಅಲ್ಲಿಂದ ಹೊರಕ್ಕೆ ಎಳೆಯಿರಿ. ಹೆಸರನ್ನು ಕೊನೆಯಲ್ಲಿ ಬರೆಯಿರಿ. ಹೊರತುದಿ ತುಸು ಆಚೀಚೆಯಾದರೂ ನಷ್ಟವಿಲ್ಲ, ಒಳತುದಿ ಮಾತ್ರ ಕದಲಬಾರದು. ಗೆರೆ ಹೊರಬರುವಾಗ ಕೊರಾಯ್ಡ್, ಸ್ಕ್ಲೀರಾಗಳನ್ನು ದಾಟುತ್ತದಲ್ಲ ಎಂಬ ಆತಂಕ ಬೇಡ. ಎಲ್ಲಿ ಕೊನೆಗೊಂಡಿದೆ ಎಂಬುದೇ ಲೆಕ್ಕ. ಆದರೆ ಪದರಕ್ಕೆ ಆದಷ್ಟು ನೇರವಾಗಿ, ಲಂಬಕೋನದಲ್ಲಿ ದಾಟಲಿ. ಓರೆಯಾಗಿ ಎಳೆದ ಗೆರೆ ಪದರಗಳ ಮೇಲೆ ಉದ್ದಕ್ಕೂ ಮಲಗಿ, ತುದಿ ಯಾವುದರಲ್ಲಿದೆ ಎಂಬ ಅನುಮಾನ ಹುಟ್ಟಿಸುತ್ತದೆ. ತುದಿಗೆ ಬಾಣದ ತಲೆಯೂ ಬೇಡ. ಅದರ ಎರಡು ರೆಕ್ಕೆಗಳೇ ಅಕ್ಕಪಕ್ಕದ ಪದರಗಳನ್ನು ಮುಚ್ಚುತ್ತವೆ.

ಎಲ್ಲಿಂದ ಗೆರೆ ಹೊರಡಬೇಕು ಎಂಬುದನ್ನೂ ಯೋಚಿಸಿ. ರೆಟಿನಾ ಕಣ್ಣಿನ ಮುಂಭಾಗದವರೆಗೆ ಬರುವುದಿಲ್ಲ, ಸಿಲಿಯರಿ ಸ್ನಾಯುವಿರುವ ಭಾಗಕ್ಕಿಂತ ಹಿಂದೆಯೇ ಮುಗಿಯುತ್ತದೆ. ಹಿಂದೆ ದೃಷ್ಟಿ ನರ ಹೊರಡುವ ಕಡೆ ಕುರುಡು ಚುಕ್ಕೆಯಿದೆ. ಇವೆರಡರಿಂದಲೂ ದೂರವಿರುವ ಜಾಗ ಆರಿಸಿಕೊಂಡರೆ ಗೊಂದಲಕ್ಕೆ ಆಸ್ಪದವೇ ಇಲ್ಲ. ಐರಿಸ್‌ಗೂ ಹೀಗೆಯೇ: ಬುಡದಲ್ಲಿ ಅದು ಸಿಲಿಯರಿ ಭಾಗಕ್ಕೆ ಅಂಟಿಕೊಂಡಿರುವುದರಿಂದ, ಪಾಪೆಯ ಕಡೆಗಿನ ಅರ್ಧದಲ್ಲಿ ತುದಿಯಿಡಿ.

ಪಾಪೆಯೇ ಎಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಅದು ಬರೇ ರಂಧ್ರ. ಸೀಳುನೋಟದಲ್ಲಿ ಐರಿಸ್‌ನ ಮೇಲಿನ ತುಂಡು ಮತ್ತು ಕೆಳಗಿನ ತುಂಡಿನ ನಡುವಿನ ಖಾಲಿ ಜಾಗವೇ ಪಾಪೆ. ಖಾಲಿ ಜಾಗದಲ್ಲಿ ಗೆರೆ ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ, ಏನನ್ನಾದರೂ ಮುಟ್ಟಿಸಬೇಕೆನಿಸುತ್ತದೆ. ಪಕ್ಕಕ್ಕೆ ಮುಟ್ಟಿಸಿದರೆ ಅದು ಐರಿಸ್, ಸ್ವಲ್ಪ ಒಳಕ್ಕೆ ಹೋದರೆ ಅದು ಮಸೂರ. ಎರಡು ತುಂಡುಗಳ ತುದಿಗಳನ್ನು ಸೇರಿಸುವ ಗೆರೆಯೊಂದನ್ನು ಮನಸ್ಸಿನಲ್ಲೇ ಎಳೆದು, ಅದರ ಮಧ್ಯಕ್ಕೆ ತುದಿ ನಿಲ್ಲಿಸಿ.

ಸಸ್ಯಕೋಶದಲ್ಲಿ ಲೆಕ್ಕ ಬೇರೆ. ಅಲ್ಲಿ ಕೋಶಭಿತ್ತಿಯನ್ನು ಎರಡು ಗೆರೆಗಳ ನಡುವಿನ ಜಾಗವಾಗಿ ತೋರಿಸಿ, ಕೋಶಪೊರೆಯನ್ನು ಅದರ ಒಳಗೆ ಒಂದೇ ಗೆರೆಯಾಗಿ ಬರೆಯುವುದುಂಟು. ಆಗ ಭಿತ್ತಿಗೆ ತುದಿ ಆ ಜಾಗದೊಳಗಿರಬೇಕು, ಪೊರೆಗೆ ತುದಿ ಆ ಗೆರೆಯ ಮೇಲೆಯೇ ಕೂರಬೇಕು. ಪೊರೆ ದಾಟಿ ಒಂದು ಕೂದಲೆಳೆ ಒಳಹೋದರೂ ಅದು ಕೋಶರಸ.

ಎಲ್ಲ ಮುಗಿದ ಮೇಲೆ ಹೆಸರುಗಳನ್ನು ಒಂದು ಚೀಟಿಯಿಂದ ಮುಚ್ಚಿ. ಒಂದೊಂದು ಗೆರೆಯ ತುದಿಯನ್ನಷ್ಟೇ ನೋಡಿ, ಅಲ್ಲಿ ಏನಿದೆ ಎಂದು ಹೇಳಿಕೊಂಡು, ಬಳಿಕ ಚೀಟಿ ಸರಿಸಿ ಹೋಲಿಸಿ. ಹೆಸರು ಕಣ್ಣೆದುರಿದ್ದರೆ ಗೆರೆ ತಪ್ಪಿದ್ದರೂ ಸರಿಯಾಗಿಯೇ ಕಾಣುತ್ತದೆ. ತುದಿ ಎರಡು ಭಾಗಗಳ ಗಡಿಯ ಮೇಲೆ ಕುಳಿತಿದ್ದರೆ ಅದನ್ನೂ ತಪ್ಪೆಂದೇ ಎಣಿಸಿ ಒಳಕ್ಕೆ ಸರಿಸಿ. ಸರಿಸುವಾಗ ಹಳೆಯ ಗೆರೆಯನ್ನು ಪೂರ್ತಿ ಅಳಿಸಬೇಕು. ಒಂದೇ ಹೆಸರಿನಿಂದ ಎರಡು ತುದಿಗಳು ಕಂಡರೆ, ಸರಿಯಾದದ್ದನ್ನು ಆರಿಸಿಕೊಡುವ ಕೆಲಸವನ್ನು ಮೌಲ್ಯಮಾಪಕರು ಮಾಡುವುದಿಲ್ಲ.