ಬಸ್ಸಿನ ಟೈಮ್ ಬದಲಿಸಿದ ಕತೆಗೆ ಚೀವ್ನಿಂಗ್ ಸಿಕ್ಕಿತು

"ಎನ್‌ಜಿಒ ಇಲ್ಲ, ಪ್ರಶಸ್ತಿ ಇಲ್ಲ, ನಿನಗ್ಯಾರು ಕೊಡ್ತಾರೆ?" ಅಂದವರೇ ಈಗ ಮಕ್ಕಳ ಪ್ರಬಂಧ ತಿದ್ದಿಕೊಡು ಅಂತ ಕಳಿಸ್ತಿದ್ದಾರೆ. ಹಾಗಾಗಿ ಬ್ರಿಟನ್ ಸರ್ಕಾರ ಅಲ್ಲಿ ಮಾಸ್ಟರ್ಸ್ ಓದೋದಕ್ಕೆ ಕೊಡೋ ಚೀವ್ನಿಂಗ್ ಸ್ಕಾಲರ್‌ಶಿಪ್‌ನ ಅರ್ಜಿಗೆ ನಾಯಕತ್ವದ ಪ್ರಬಂಧ ಹೇಗೆ ಬರೆದೆ ಅನ್ನೋದನ್ನ ಇಲ್ಲೇ ಬರೆದುಬಿಡ್ತೀನಿ.

ಮೊದಲ ವರ್ಷದ ಪ್ರಬಂಧದಲ್ಲಿ ಬರೀ ಬಡತನ ಇತ್ತು. ಅಪ್ಪ ಎಪಿಎಂಸಿಯಲ್ಲಿ ಹಮಾಲಿ, ಮನೆಯಲ್ಲಿ ಡಿಗ್ರಿ ಮುಗಿಸಿದ್ದು ನಾನೊಬ್ಬನೇ. ಸಂದರ್ಶನಕ್ಕೂ ಕರೆಯಲಿಲ್ಲ. ಅರ್ಜಿಗೆ ಶುಲ್ಕವೇ ಇಲ್ಲ, ಆದರೂ ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್‌ಗೆ ಹದಿನೈದು ಸಾವಿರದಷ್ಟು ಹೋಯಿತು, ಅದೂ ಚಿಕ್ಕಪ್ಪನ ಹತ್ತಿರ ಕೈಗಡ ತಂದದ್ದು. ಅವರು ತಿದ್ದಿದ ಪ್ರಬಂಧದಲ್ಲಿ ನಾನು 'ಸಮಾಜ ಬದಲಿಸುವ ತುಡಿತವುಳ್ಳ ಯುವಕ' ಆಗಿದ್ದೆ. ಆ ವಾಕ್ಯಕ್ಕೆ ಯಾರ ಹೆಸರು ಅಂಟಿಸಿದರೂ ನಡೀತಿತ್ತು.

ಚೀವ್ನಿಂಗ್ ಕೇಳೋದು ಕಷ್ಟವನ್ನಲ್ಲ, ನೀವು ಬೇರೆಯವರ ನಿರ್ಧಾರ ಬದಲಿಸಿದ ಉದಾಹರಣೆಯನ್ನ. ನನ್ನ ಹತ್ತಿರ ಇದ್ದದ್ದು ಒಂದೇ. ನಮ್ಮೂರ ಪಿಯು ಕಾಲೇಜು ಬಿಡೋದು ನಾಲ್ಕೂವರೆಗೆ, ಹಳ್ಳಿ ಕಡೆಯ ಬಸ್ಸು ಅದಕ್ಕೂ ಇಪ್ಪತ್ತು ನಿಮಿಷ ಮುಂಚೆ ಹೊರಡ್ತಿತ್ತು. ಮುಂದಿನದು ಕತ್ತಲಾದ ಮೇಲೆ. ಹುಡುಗಿಯರು ಕೊನೆಯ ಪೀರಿಯಡ್ ಬಿಡ್ತಿದ್ದರು, ಕೆಲವರು ಕಾಲೇಜನ್ನೇ ಬಿಟ್ಟರು.

ಇದನ್ನೂ ಮೊದಲು ಕೆಟ್ಟದಾಗೇ ಬರೆದಿದ್ದೆ: 'ನಾವು ಡಿಪೋಗೆ ಮನವಿ ಕೊಟ್ಟೆವು, ಸಮಯ ಬದಲಾಯಿತು.' ನಮ್ಮ ಕಡೆ 'ನಾನು ಮಾಡಿದೆ' ಅಂದರೆ ಜಂಬ ಅಂತಾರೆ, ಅದಕ್ಕೇ ಎಲ್ಲದಕ್ಕೂ 'ನಾವು'. ಕೆಂಪು ಪೆನ್ನಿನಲ್ಲಿ ಪ್ರತಿ 'ನಾವು' ಕೆಳಗೆ ಗೆರೆ ಎಳೆದು, ನಿಜವಾಗಿ ಯಾರು ಮಾಡಿದ್ದು ಅಂತ ಪಕ್ಕದಲ್ಲಿ ಬರೆದೆ. ಆಗ ಕತೆ ಹೊರಗೆ ಬಂತು. ಮನವಿಯನ್ನ ಡಿಪೋದವರು ಎರಡು ಸಲ ವಾಪಸ್ ಕಳಿಸಿದ್ದರು. ನಾನು ಊರೂರಿಗೆ ಹೋಗಿ ಬಸ್ ಪಾಸ್ ಇದ್ದವರ ಪಟ್ಟಿ ಮಾಡಿದೆ, ಅರವತ್ತರ ಆಸುಪಾಸು ಹೆಸರು ಸಿಕ್ಕವು. ಆ ಟ್ರಿಪ್ ಖಾಲಿ ಓಡುತ್ತೆ ಅಂತ ಕಂಡಕ್ಟರ್ ಬಾಯಿಂದಲೇ ಮ್ಯಾನೇಜರ್ ಎದುರು ಹೇಳಿಸಿದೆ. ಮೂರು ಪಂಚಾಯಿತಿಗಳ ಸಹಿ ಬೇಕಿತ್ತು. ಒಬ್ಬ ಅಧ್ಯಕ್ಷರು 'ನಮ್ಮ ಕ್ರಾಸಲ್ಲಿ ನಿಲ್ಲಿಸಿದರೆ ಮಾತ್ರ ಸಹಿ' ಅಂತ ಹಟ ಹಿಡಿದರು. ಅವರನ್ನ ಒಪ್ಪಿಸಿದ ಬಗೆಗೇ ಪ್ರಬಂಧದ ಕಾಲುಭಾಗ ಕೊಟ್ಟೆ. ಹೇಗೆ ಒಪ್ಪಿಸಿದೆ ಅನ್ನೋದು ಮಾತ್ರ ನನ್ನಲ್ಲೇ ಇರಲಿ, ಸಂದರ್ಶನದಲ್ಲೂ ಅದನ್ನೇ ಕೆದಕಿದರು. ಕೊನೆಗೆ ಬಸ್ಸು ನಾಲ್ಕೂಮುಕ್ಕಾಲಿಗೆ ಹೊರಡೋ ಹಾಗಾಯಿತು.

ನಡುವೆ ಒಂದು ಪ್ರಯೋಗ. ಪೂರ್ತಿ ಕನ್ನಡದಲ್ಲಿ ಬರೆದು ಇಂಗ್ಲಿಷಿಗೆ ತಂದೆ. ಕನ್ನಡದಲ್ಲಿ ಮುನ್ನೂರೈವತ್ತಿದ್ದ ಪದ ಇಂಗ್ಲಿಷಿನಲ್ಲಿ ಐನೂರು ದಾಟಿತು. ಆಗ ಮಿತಿ 500 ಪದ. ಅಪ್ಪನ ಹಮಾಲಿ ಕತೆಗೆ ಕತ್ತರಿ ಹಾಕಿ ಒಂದು ಸಾಲು ಉಳಿಸಿದೆ.

ಇನ್ನೊಂದು ಮಾತು. ಸಂಪರ್ಕ ಬೆಳೆಸಿದ ಬಗ್ಗೆ ಬರೆಯೋ ಪ್ರಬಂಧಕ್ಕೆ ಇದೇ ಬಸ್ಸನ್ನ ಮತ್ತೆ ಓಡಿಸಬೇಡಿ. ನಾನು ಅಲ್ಲಿಗೆ ಬೇರೆ ಕೆಲಸದ ಕತೆ ಹಾಕಿದೆ. ಅರ್ಜಿಗೆ ಬೇಕಾದ 2,800 ಗಂಟೆಯ ಅನುಭವಕ್ಕೆ ಸ್ವಯಂಸೇವೆಯ ಗಂಟೆಗಳೂ ಸೇರುತ್ತವೆ, ಈಗಿಂದಲೇ ಬರೆದಿಟ್ಟುಕೊಳ್ಳಿ.