ಮೂರು ಸಾಲು ಕನ್ನಡ, ನಾಲ್ಕು ಸಾಲು ಇಂಗ್ಲಿಷ್: ಒಂದೇ ಪುಟದಲ್ಲಿ ಕೂರಿಸಿದ ನನ್ನ ಅನುಭವ

ಎರಡು ಭಾಷೆಯ ಮಕ್ಕಳ ಚಿತ್ರಪುಸ್ತಕ ಮಾಡ್ತೀನಿ, ಪ್ರತಿ ಪುಟದಲ್ಲೂ ಕನ್ನಡ ಮತ್ತು ಅದಕ್ಕೆ ಸರಿಯಾದ ಇಂಗ್ಲಿಷ್ ಒಟ್ಟಿಗೇ ಇರಬೇಕು ಅಂದಾಗ, ಹಾಸನದ ಡಿಟಿಪಿ ಗೆಳೆಯರು ಯಾರೂ ಒಪ್ಪಲಿಲ್ಲ. ನನಗೆ ಕೆಲಸ ಕಲಿಸಿದ ಮೇಷ್ಟ್ರೇ, "ಎರಡೂ ಒಂದೇ ಪುಟದಲ್ಲಿ ತುರುಕಿದ್ರೆ ಚಿತ್ರಕ್ಕೆ ಜಾಗ ಎಲ್ಲಪ್ಪಾ? ಕನ್ನಡ ಮುಂದೆ ಹಾಕು, ಇಂಗ್ಲಿಷ್ ಎಲ್ಲಾ ಕೊನೆಗೆ ಹಾಕಿಬಿಡು" ಅಂದರು. ಈಗ ಪುಸ್ತಕ ಅಚ್ಚಾಗಿ ಬಂದಿದೆ. ಮೊನ್ನೆ ಅವರೇ ಅಂಗಡಿಗೆ ಬಂದು ಎರಡು ಪ್ರತಿ ತಗೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನುಡಿಯಿಂದ ಯೂನಿಕೋಡ್‌ಗೆ ತರೋದು, ಸ್ಟೈಲ್ ಮಾಡೋದು ಇವೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ಹೇಳ್ತೀನಿ.

ಪುಸ್ತಕ 8 ಇಂಚು ಚೌಕ, 24 ಪುಟ, ಸೆಂಟರ್ ಪಿನ್. ಕಥೆ ನಮ್ಮ ಸಕಲೇಶಪುರ ಕಡೆಯದು. ಕೊಯ್ಲಿನ ಸಮಯದಲ್ಲಿ ಅಕಾಲದ ಮಳೆ ಬರುತ್ತೆ, ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಅಜ್ಜಿ ಕಾಪಾಡುತ್ತಾರೆ.

ಮೊದಲು ಮಾಡಿ ನೋಡಿದ್ದು ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ನೋಡೋಕೆ ಅಚ್ಚುಕಟ್ಟು. ಆದರೆ ಚಿತ್ರ ಒಂದೇ, ಪುಟ ಎರಡು. ಅಜ್ಜಿ ಎಡಕ್ಕೆ ಬಂದರೆ ಇಂಗ್ಲಿಷ್ ಪುಟದಲ್ಲಿ ಬರೀ ಕಣ ಉಳಿಯುತ್ತೆ. ಎರಡೂ ಕಡೆ ಬೇರೆ ಬೇರೆ ಚಿತ್ರ ಹಾಕೋಣ ಅಂದರೆ 24 ಪುಟ 40 ದಾಟುತ್ತೆ, ಕಲಾವಿದರ ಖರ್ಚೂ ಹಾಗೇ ಏರುತ್ತೆ. ಆಮೇಲೆ ಒಂದೇ ಪುಟದಲ್ಲಿ ಅಕ್ಕಪಕ್ಕ ಎರಡು ಕಾಲಂ ಮಾಡಿದೆ. ಕಾಲಂ ಅಗಲ ಎರಡಿಂಚೂ ಸಿಗಲಿಲ್ಲ. ಕನ್ನಡದಲ್ಲಿ "ಹೊದಿಸಿದ್ದರಿಂದ" ಅನ್ನುವಂಥ ಒಂದು ಪದ ಬಂದರೆ ಸಾಲೇ ಮುಗಿದು ಹೋಗುತ್ತೆ. ಮಕ್ಕಳ ಪುಸ್ತಕದಲ್ಲಿ ಪದ ಒಡೆದು ಮುಂದಿನ ಸಾಲಿಗೆ ಹಾಕಬಾರದು ಅನ್ನೋದು ನನ್ನ ಪಟ್ಟು. ಹಾಗಾಗಿ ಬಲಗಡೆ ಎಲ್ಲ ಸಾಲಲ್ಲೂ ದೊಡ್ಡ ದೊಡ್ಡ ತೂತು. ಈ ಡಮ್ಮಿಗಳ ಕಲರ್ ಪ್ರಿಂಟಿಗೇ ಹತ್ತಿರ ಹತ್ತಿರ 3,000 ರೂಪಾಯಿ ಹೋಯಿತು.

ಕೊನೆಗೆ ಗೆದ್ದದ್ದು ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್, ಎರಡಕ್ಕೂ ಒಂದೇ ಅಗಲದ ಪೆಟ್ಟಿಗೆ. ಇದು ಎಲ್ಲರಿಗೂ ಹೊಳೆಯುವ ಉಪಾಯವೇ. ಎಲ್ಲರೂ ಕೈಬಿಡೋದು ಏಕೆ ಅಂದರೆ ಒಂದು ಪುಟದಲ್ಲಿ ಸರಿ ಕೂತದ್ದು ಮುಂದಿನ ಪುಟದಲ್ಲಿ ಕೂರಲ್ಲ. ಕನ್ನಡ ಎರಡು ಸಾಲು ಆದಾಗ ಇಂಗ್ಲಿಷ್ ಐದಾಗುತ್ತೆ. ಅಕ್ಷರ ಚಿಕ್ಕದು ಮಾಡ್ತಾರೆ, ಲೀಡಿಂಗ್ ಎಳೀತಾರೆ, ಹತ್ತನೇ ಪುಟಕ್ಕೆ ಬರುವಷ್ಟರಲ್ಲಿ ಪುಟಕ್ಕೊಂದು ಅಳತೆ ಆಗಿರುತ್ತೆ.

ನಾನು ಲೆಕ್ಕ ಶುರು ಮಾಡಿದ್ದು ಕನ್ನಡದ ಒತ್ತಿನಿಂದ. ಕನ್ನಡ ಅಕ್ಷರ 18 ಪಾಯಿಂಟ್ ಇಟ್ಟರೆ ಇನ್‌ಡಿಸೈನ್ ತಾನಾಗೇ ಕೊಡುವ ಲೀಡಿಂಗ್ 21.6. ಇಂಗ್ಲಿಷ್‌ಗೆ ಅದು ಸಾಕು, ಕನ್ನಡಕ್ಕೆ ಸಾಲದು. ಪರೀಕ್ಷೆ ಮಾಡೋಕೆ ಮೇಲಿನ ಸಾಲಲ್ಲಿ "ರಾಷ್ಟ್ರ" ಅಂತ ಟೈಪ್ ಮಾಡಿ, ಸರಿಯಾಗಿ ಅದರ ಕೆಳಗೆ "ಧೀರ" ಬರೋ ಹಾಗೆ ಮಾಡಿ. ಷಕಾರದ ಕೆಳಗೆ ಟ ಒತ್ತು, ಅದಕ್ಕೆ ರ ಒತ್ತು. ಎರಡೂ ಇಳಿದು ಕೆಳಗಿನ ಧಿಯ ಗುಡಿಸಿಗೆ ಬಡಿಯುತ್ತೆ. ಓದಲು ಕಲಿಯುವ ಮಗುವಿಗೆ ಆ ಒತ್ತು ಮೇಲಿನ ಸಾಲಿಂದೋ ಕೆಳಗಿನ ಸಾಲಿಂದೋ ಗೊತ್ತಾಗಲ್ಲ. 28 ಪಾಯಿಂಟ್ ಲೀಡಿಂಗ್ ಕೊಟ್ಟಾಗ ಮಧ್ಯೆ ಬಿಳಿ ಜಾಗ ಕಾಣಿಸಿತು. ಅಲ್ಲಿಗೆ ಕನ್ನಡ 18ಕ್ಕೆ 28 ಅಂತ ಗಟ್ಟಿ ಮಾಡಿಕೊಂಡೆ.

ಇಂಗ್ಲಿಷ್‌ಗೂ ಅದೇ 28 ಹಾಕಿದರೆ ಸಾಲುಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಾಣುತ್ತವೆ. ಆಗ 28ನ್ನು ನಾಲ್ಕು ಏಳುಗಳಾಗಿ ನೋಡಿದೆ. ಬೇಸ್‌ಲೈನ್ ಗ್ರಿಡ್ 7 ಪಾಯಿಂಟ್. ಕನ್ನಡ ನಾಲ್ಕು ಮನೆ ಇಳಿಯುತ್ತೆ, ಇಂಗ್ಲಿಷ್ ಮೂರು ಮನೆ, ಅಂದರೆ 21. ಇಂಗ್ಲಿಷ್ ಅಕ್ಷರ 15 ಪಾಯಿಂಟ್. ಈಗ ಕನ್ನಡದ ಮೂರು ಸಾಲು 84 ಪಾಯಿಂಟ್, ಇಂಗ್ಲಿಷ್‌ನ ನಾಲ್ಕು ಸಾಲೂ 84 ಪಾಯಿಂಟ್. ಒಂದೇ ಎತ್ತರದ ಎರಡು ಪೆಟ್ಟಿಗೆ, ಮಧ್ಯೆ ಎರಡು ಮನೆ ಖಾಲಿ. ಅಗಲ 300 ಪಾಯಿಂಟ್, ಅಂದರೆ ನಾಲ್ಕಿಂಚು ಚಿಲ್ಲರೆ. ಒಟ್ಟು ಎತ್ತರ ಎರಡೂವರೆ ಇಂಚು. ಈ ಅಳತೆಯ ಬೂದು ಪೆಟ್ಟಿಗೆಯನ್ನೇ ಕಲಾವಿದರಿಗೆ ಮೊದಲೇ ಕೊಟ್ಟೆ. "ಇದರೊಳಗೆ ಆಕಾಶ, ಮಂಜು, ಗೋಡೆ ಏನಾದರೂ ತಿಳಿ ಬಣ್ಣ ಇರಲಿ, ಪೆಟ್ಟಿಗೆ ಪುಟದಲ್ಲಿ ಎಲ್ಲಿರಬೇಕೋ ನೀವೇ ಹೇಳಿ" ಅಂದೆ. ಮೇಷ್ಟ್ರು ಕೇಳಿದ ಜಾಗ ಸಿಕ್ಕಿದ್ದು ಹೀಗೆ.

ಮೂರಕ್ಕೆ ನಾಲ್ಕು ಅನ್ನೋದು ಸುಮ್ನೆ ಹೊಂದಿಸಿದ ಲೆಕ್ಕ ಅಲ್ಲ. ಕನ್ನಡದಲ್ಲಿ ಪದ ಕಡಿಮೆ, ಉದ್ದ ಜಾಸ್ತಿ. ಇಂಗ್ಲಿಷ್‌ನಲ್ಲಿ ಪುಟಾಣಿ ಪದಗಳೇ ತುಂಬಾ. ಹನ್ನೊಂದನೇ ಪುಟದ ಕನ್ನಡ ನೋಡಿ: "ರಾತ್ರಿಯಿಡೀ ಸುರಿದ ಮಳೆ ಬೆಳಗ್ಗೆ ನಿಂತಿತ್ತು. ಅಜ್ಜಿ ಕಣಕ್ಕೆ ಬಂದರು. ಕಾಫಿ ಮೇಲೆ ಹೊದಿಸಿದ್ದ ಟಾರ್ಪಾಲು ಎತ್ತಿದರು. ಏನೋ ಮಿಸುಕಾಡಿತು!" ಇದು 15 ಪದ. ಇದರ ಇಂಗ್ಲಿಷ್ 25 ಪದ. ಆ ಪೆಟ್ಟಿಗೆಯಲ್ಲಿ ಇದು ಮೂರು ಸಾಲು, ಅದು ನಾಲ್ಕು ಸಾಲು, ಒತ್ತಾಯ ಇಲ್ಲದೆ ಕೂತವು. ಹೆಚ್ಚುಕಮ್ಮಿ ಮುಕ್ಕಾಲು ಪಾಲು ಪುಟಗಳು ಹೀಗೇ ಕೂತವು. ಮಿಕ್ಕ ಪುಟಗಳಲ್ಲಿ ಇಂಗ್ಲಿಷ್ ಐದನೇ ಸಾಲಿಗೆ ಹೋಗುತ್ತಿತ್ತು. ಅದಕ್ಕೆ ಅಕ್ಷರದ ಅಳತೆ ಮುಟ್ಟದೆ ನಾನು ಮಾಡುವ ಒಂದು ಉಪಾಯ ಇದೆ. ಅದನ್ನು ಕಂಡುಕೊಳ್ಳೋಕೆ ನನಗೆ ಬಹಳ ರಾತ್ರಿ ಹಿಡಿದಿದೆ, ಅದು ನನ್ನ ಹತ್ತಿರವೇ ಇರಲಿ.

ಅಳತೆಗಿಂತ ಜಾಸ್ತಿ ಕಾಡಿದ್ದು ಪುಟ ತಿರುವುವ ಜಾಗ. ಬೆಸ ಸಂಖ್ಯೆಯ ಪುಟ ಬಲಗಡೆ ಇರುತ್ತೆ, ಅದರ ಕೊನೆಗೆ ಮಗು ಪುಟ ಮಗುಚುತ್ತೆ. ಹನ್ನೆರಡನೇ ಪುಟದಲ್ಲಿ ಟಾರ್ಪಾಲಿನ ಕೆಳಗಿಂದ ದೊಡ್ಡ ಹಸಿರು ಕಪ್ಪೆ ಬರುತ್ತೆ. ಮೊದಲ ಕರಡಿನಲ್ಲಿ ಇದು ಒಂದೇ ಉದ್ದ ವಾಕ್ಯ ಆಗಿತ್ತು: "ರಾತ್ರಿಯ ಮಳೆ ನಿಂತ ಮೇಲೆ ಅಜ್ಜಿ ಎತ್ತಿದ ಟಾರ್ಪಾಲಿನ ಕೆಳಗೆ ಒಂದು ಕಪ್ಪೆ ಕೂತಿತ್ತು." ಕನ್ನಡದಲ್ಲಿ ಇದನ್ನು "ಕೆಳಗೆ" ಹತ್ತಿರ ನಿಲ್ಲಿಸಿ ಪುಟ ತಿರುವಿಸಿದರೆ ಮಜಾ. ಕಪ್ಪೆ ಆ ಕಡೆ ಕಾದು ಕೂತಿರುತ್ತೆ. ಅದೇ ವಾಕ್ಯದ ಇಂಗ್ಲಿಷ್ ಬಂದಾಗ ಕಪ್ಪೆ ಮೊದಲು, ಟಾರ್ಪಾಲು ಆಮೇಲೆ, ಮಳೆ ಕೊನೆಗೆ! ಹನ್ನೊಂದನೇ ಪುಟದಲ್ಲೇ ಇಂಗ್ಲಿಷ್ ಓದುವ ಮಗುವಿಗೆ ಕಪ್ಪೆ ಗೊತ್ತಾಗಿಬಿಡುತ್ತೆ, ಕನ್ನಡ ಓದುವ ಮಗುವಿಗೆ ಗೊತ್ತಾಗಲ್ಲ. ಒಂದೇ ಪುಟ, ಒಂದೇ ಚಿತ್ರ, ಆದರೆ ಎರಡು ಕಥೆ. ಅನುವಾದ ಮಾಡಿದವರು ಕಪ್ಪೆಯನ್ನು ಕೊನೆಗೆ ತಂದುಕೊಟ್ಟರು. ಒಂದು ಕಡೆ ಅದು ಚೆನ್ನಾಗೇ ಇತ್ತು. ಪ್ರತಿ ತಿರುವಿನಲ್ಲೂ ಹಾಗೆ ಮಾಡಿದರೆ ಇಂಗ್ಲಿಷ್ ಮಕ್ಕಳ ಬಾಯಿಗೆ ಒಗ್ಗಲ್ಲ.

ಅವತ್ತಿಂದ ನನ್ನ ನಿಯಮ ಒಂದೇ: ಯಾವ ವಾಕ್ಯವೂ ಪುಟ ದಾಟಬಾರದು. ಕ್ರಿಯಾಪದ ಬಂದು ವಾಕ್ಯ ಮುಗಿದ ಮೇಲೇ ಪುಟ ಮುಗಿಯಬೇಕು. ಅದಕ್ಕೆ ಕನ್ನಡವನ್ನೇ ಒಡೆದು ಬರೆಸಿದೆ. ಲೇಖಕರಿಗೆ ಮೊದಲು ಬೇಜಾರಾಯಿತು. "ಲೇಔಟ್‌ಗೋಸ್ಕರ ನನ್ನ ವಾಕ್ಯ ಕತ್ತರಿಸ್ತೀರಾ?" ಅಂದರು. ಎರಡು ಡಮ್ಮಿ ಪಕ್ಕಪಕ್ಕ ಇಟ್ಟು ಅವರ ಮೊಮ್ಮಗಳ ಕೈಯಲ್ಲೇ ಓದಿಸಿದೆ. "ಏನೋ ಮಿಸುಕಾಡಿತು" ಅಂತ ಓದಿದ ಕೂಡಲೇ ಹುಡುಗಿ ಗಬಕ್ಕನೆ ಪುಟ ಮಗುಚಿದಳು. ಆಮೇಲೆ ಲೇಖಕರು ಮಾತಾಡಲಿಲ್ಲ. ಈಗ ಲೇಔಟ್ ತೆರೆಯೋ ಮುಂಚೆ ಮೂರು ಕಾಲಂನ ಪಟ್ಟಿ ಮಾಡ್ತೀನಿ. ಪುಟ ಸಂಖ್ಯೆ, ಕನ್ನಡ, ಇಂಗ್ಲಿಷ್. ಒಂದು ಸಾಲಿಗೆ ಒಂದು ಪುಟ. ಆ ಪಟ್ಟಿ ಒಪ್ಪಿಗೆ ಆಗದೆ ಕಲಾವಿದರಿಗೂ ಕೆಲಸ ಕೊಡಲ್ಲ.

ಫಾಂಟ್ ಬಗ್ಗೆ ಒಂದು ಮಾತು. ಅನೇಕ್ ಕನ್ನಡ ಮತ್ತು ಅನೇಕ್ ಲ್ಯಾಟಿನ್ ತಗೊಂಡೆ. ಒಂದೇ ಕುಟುಂಬ, ಉಚಿತ, ಗೆರೆಯ ದಪ್ಪ ಎರಡರಲ್ಲೂ ಹೊಂದುತ್ತೆ. ಎರಡು ಭಾಷೆ ಬೇರೆ ಕಾಣಲಿ ಅಂತ ಇಂಗ್ಲಿಷ್‌ಗೆ ಕಾಫಿ ಬಣ್ಣ ಕೊಟ್ಟು ನೋಡಿದ್ದೂ ಉಂಟು. ಸ್ಕ್ರೀನ್ ಮೇಲೆ ಬಹಳ ಚೆಂದ. ಆದರೆ ಆ ಕಂದು ಬಣ್ಣ ಮೂರ್ನಾಲ್ಕು ಇಂಕು ಸೇರಿ ಆಗೋದು. ಆಫ್‌ಸೆಟ್‌ನಲ್ಲಿ ಪ್ಲೇಟು ಕೂದಲೆಳೆ ಅತ್ತಿತ್ತ ಆದರೂ ಅಕ್ಷರದ ಅಂಚಲ್ಲಿ ಕೆಂಪೋ ನೀಲಿಯೋ ನೆರಳು ಬರುತ್ತೆ. ಅದಕ್ಕೇ ಎರಡೂ ಅಪ್ಪಟ ಕಪ್ಪು, 100 ಶೇಕಡಾ ಕೆ, ಬೇರೆ ಇಂಕು ಸೊನ್ನೆ. ಕಡು ಬಣ್ಣದ ಮೇಲೆ ಬಿಳಿ ಅಕ್ಷರವನ್ನೂ ಬಿಟ್ಟೆ. ಒತ್ತಿನ ಸಣ್ಣ ಸುರುಳಿಗಳೊಳಗೆ ಇಂಕು ತುಂಬಿಕೊಂಡು ಮುಚ್ಚಿಹೋಗುತ್ತೆ.

ದುಡ್ಡು ನಿಜವಾಗಿ ಕೈಬಿಟ್ಟಿದ್ದು ಪ್ರೆಸ್‌ನಲ್ಲಿ. ನನ್ನ ಫೈಲಿನಲ್ಲಿ ಎರಡೂ ಸ್ಟೈಲ್‌ಗೆ `Adobe World-Ready Paragraph Composer` ಹಾಕಿದ್ದೆ, ಒತ್ತುಗಳು ಸರಿಯಾಗಿದ್ದವು. ಪಿಡಿಎಫ್ ಕೊಟ್ಟೆ. ಪ್ರೆಸ್‌ನಲ್ಲಿ ಬಾರ್‌ಕೋಡ್ ಸರಿಸೋಕೆ ಅಂತ ಅದನ್ನು ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದು ಸೇವ್ ಮಾಡಿಬಿಟ್ಟರು. ಹಿಂಬದಿಯ ಮಾತಿನಲ್ಲಿದ್ದ "ಅಜ್ಜಿ" ಒಡೆದು "ಅಜ್‌ಜಿ" ಆಯಿತು, ಟಾರ್ಪಾಲಿನ ಅರ್ಕಾವೊತ್ತು ಎಲ್ಲೋ ತೇಲುತ್ತಿತ್ತು. ಇಂಗ್ಲಿಷ್ ಮಾತ್ರ ಒಂದು ಚೂರೂ ಅಲುಗಾಡಿರಲಿಲ್ಲ, ಹಾಗಾಗಿ ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. 500 ಕವರ್ ಹಾಳು, ಸುಮಾರು 6,000 ರೂಪಾಯಿ. ಅರ್ಧ ಅವರು, ಅರ್ಧ ನಾನು ಅಂತ ಮಾತಾಯಿತು. ಈಗ ಪ್ರೆಸ್‌ಗೆ ಕೊಡುವ ಪ್ರತಿಯಲ್ಲಿ ಎಲ್ಲ ಅಕ್ಷರವನ್ನೂ `Create Outlines` ಮಾಡಿ ಕಳಿಸ್ತೀನಿ. ಆಮೇಲೆ ಅದು ಅಕ್ಷರ ಅಲ್ಲ, ಚಿತ್ರ. ಯಾವ ಸಾಫ್ಟ್‌ವೇರ್‌ನಲ್ಲಿ ತೆರೆದರೂ ಒಡೆಯಲ್ಲ. ತಿದ್ದೋಕೂ ಆಗಲ್ಲ, ಅದಕ್ಕೇ ಮೂಲ ಫೈಲು ಬೇರೆ ಹೆಸರಲ್ಲಿ ಇರಲೇಬೇಕು. ಬಂದ ಪ್ರೂಫಿನಲ್ಲಿ ಒತ್ತು ಇರುವ ಐದಾರು ಪದ ಮೊದಲೇ ಗುರುತು ಹಾಕಿಕೊಂಡು ಅವನ್ನೇ ಮೊದಲು ನೋಡ್ತೀನಿ.

ಮಧ್ಯೆ ಸ್ಕ್ರೈಬಸ್‌ನಲ್ಲೂ ಇದೇ ಪುಸ್ತಕದ ನಾಲ್ಕು ಪುಟ ಮಾಡಿ ನೋಡಿದೆ. 1.6ರಲ್ಲಿ ಕನ್ನಡದ ಒತ್ತು ಚೆನ್ನಾಗಿ ಕೂರುತ್ತೆ, 7 ಪಾಯಿಂಟ್ ಗ್ರಿಡ್ಡೂ ಹಾಕಬಹುದು. ತಿಂಗಳ ಬಾಡಿಗೆ ಕಟ್ಟೋಕೆ ಆಗದವರು ಧೈರ್ಯವಾಗಿ ಅದರಲ್ಲೇ ಮಾಡಬಹುದು. ನನ್ನ ಕೈ ಹಳೆಯದಕ್ಕೆ ಒಗ್ಗಿದೆ, ಅಷ್ಟೇ.

ಚಿತ್ರ, ಅನುವಾದ, ಅಚ್ಚು, ಹಾಳಾದ ಕವರ್ ಎಲ್ಲ ಸೇರಿ 80,000 ಹತ್ತಿರ ಆಯಿತು. 500 ಪ್ರತಿ, ಬೆಲೆ 200 ರೂಪಾಯಿ. ಮುನ್ನೂರರ ಮೇಲೆ ಪ್ರತಿ ಹೋಗಿವೆ, ಹೋಂಸ್ಟೇಗಳಲ್ಲಿ ಇಟ್ಟಿದ್ದಕ್ಕೆ ಕಮಿಷನ್ ಕಳೆಯಬೇಕು. ಬೆಂಗಳೂರಿಂದ ಬಂದ ಮಕ್ಕಳು ಕೆಳಗಿನ ನಾಲ್ಕು ಸಾಲು ಓದ್ತಾರೆ, ಜೊತೆಗಿರುವ ಅಜ್ಜಿಯರು ಮೇಲಿನ ಮೂರು ಸಾಲು ಓದಿ ಹೇಳ್ತಾರೆ. ಎರಡನೇ ಪುಸ್ತಕದ ಪಟ್ಟಿ ಒಪ್ಪಿಗೆ ಆಗಿದೆ. ಅದರಲ್ಲಿ ಸಂಭಾಷಣೆ ಜಾಸ್ತಿ, ಒಂದೊಂದು ಮಾತೂ ಹೊಸ ಸಾಲಿನಲ್ಲಿ ಶುರುವಾಗಬೇಕು. ಅಲ್ಲಿ ಮೂರಕ್ಕೆ ನಾಲ್ಕು ನಿಲ್ಲಲ್ಲ, ಮೂರಕ್ಕೆ ಮೂರೇ ಬರುತ್ತೆ. ಹಾಗಾಗಿ ಇಂಗ್ಲಿಷ್ ಪೆಟ್ಟಿಗೆಯ ಎತ್ತರ 63ಕ್ಕೆ ಇಳಿಸಿ ಕಲಾವಿದರಿಗೆ ಹೊಸ ಬೂದು ಪೆಟ್ಟಿಗೆ ಕಳಿಸಿದ್ದೇನೆ.