ಟೊಮೇಟೊ ಬದಲು ಹುಣಸೆ: ಕ್ಯಾಂಟೀನ್ ರೇಟಿಗೆ ನಾನು ಹಾಕಿದ ಲೆಕ್ಕ

2023ರ ಜುಲೈ. ಪೀಣ್ಯದ ನಮ್ಮ ಕಾರ್ಖಾನೆಗೆ ಊಟ ಕೊಡುವ ಕಾಂಟ್ರಾಕ್ಟರ್ ಒಂದು ಪತ್ರ ತಂದು ಮೇಜಿನ ಮೇಲಿಟ್ಟರು. ಒಪ್ಪಂದದ ಪ್ರಕಾರ ಸಾಮಾನಿನ ರೇಟು ನೂರಕ್ಕೆ 18 ಜಾಸ್ತಿ ಮಾಡಬೇಕು ಅಂತ. ಲೆಕ್ಕ ನೋಡಿದೆ. ಒಂದು ತಪ್ಪೂ ಇರಲಿಲ್ಲ. ಅದೇ ನನಗೆ ತಲೆನೋವಾಯಿತು.

ಯಾಕೆಂದರೆ ಆ ಒಪ್ಪಂದದ ಷರತ್ತು ಬರೆದವನು ನಾನೇ. ಏಪ್ರಿಲ್ ತಿಂಗಳ ಬುಟ್ಟಿ, ಏಪ್ರಿಲ್ ಪ್ರಮಾಣ, ಈಗಿನ ಬೆಲೆ. ಹಳೇ ಪ್ರಮಾಣವನ್ನೇ ಹಿಡಿದು ಬೆಲೆ ಅಳೆಯುವ ಅಪ್ಪಟ ಲಾಸ್ಪೇರ್ ಸೂಚ್ಯಂಕ. ಅದರ ಹಿಂದಿನ ವರ್ಷವೂ ಇದೇ ಸೂತ್ರದಲ್ಲಿ ದುಡ್ಡು ಕೊಟ್ಟಿದ್ದೆವು. ಆಗ ಯಾರೂ ಕೇಳಲಿಲ್ಲ, ನಾನೂ ಯೋಚಿಸಲಿಲ್ಲ. ಈ ಸಲ ಟೊಮೇಟೊ ನೂರು ರೂಪಾಯಿ ಮುಟ್ಟಿತ್ತು. ಆದರೆ ನಮ್ಮ ತಟ್ಟೆಯಲ್ಲಿ ಟೊಮೇಟೊ ಎಲ್ಲಿತ್ತು? ವಾರದಿಂದ ಬರೀ ಹುಣಸೆ ಸಾರು, ಕೋಸಿನ ಪಲ್ಯ. ಅಡುಗೆ ಭಟ್ಟರು ಬೆಲೆ ಏರಿದ ಮರುದಿನವೇ ಬದಲಿ ಮಾಡಿಕೊಂಡಿದ್ದರು. ನಮ್ಮ ಬುಟ್ಟಿ ಮಾತ್ರ ಏಪ್ರಿಲ್‌ನಲ್ಲೇ ನಿಂತಿತ್ತು.

ಪೂರ್ತಿ ಬುಟ್ಟಿಯಲ್ಲಿ ಮೂವತ್ತು ಚಿಲ್ಲರೆ ಐಟಂ ಇವೆ. ಆಟ ನಡೆದದ್ದು ನಾಲ್ಕರಲ್ಲಿ, ಅದನ್ನಷ್ಟೇ ಹೇಳುತ್ತೇನೆ. ಅಂಕಿಗಳು ನೆನಪಿನಿಂದ, ಅಲ್ಲಲ್ಲಿ ದುಂಡು ಮಾಡಿದ್ದೇನೆ. ದಿನಕ್ಕೆ ಸುಮಾರು 220 ಊಟ, ವಾರಕ್ಕೆ ಆರು ದಿನ. ಏಪ್ರಿಲ್‌ನಲ್ಲಿ ವಾರಕ್ಕೆ ಟೊಮೇಟೊ 60 ಕೆಜಿ, ಕೆಜಿಗೆ 20 ರೂಪಾಯಿ. ಹುಣಸೆ 4 ಕೆಜಿ, 150ರಂತೆ. ಬೀನ್ಸ್ 40 ಕೆಜಿ, 50ರಂತೆ. ಕೋಸು 30 ಕೆಜಿ, 20ರಂತೆ. ಒಟ್ಟು 4,400 ರೂಪಾಯಿ.

ಜುಲೈನಲ್ಲಿ ಟೊಮೇಟೊ 100, ಹುಣಸೆ 160, ಬೀನ್ಸ್ 100, ಕೋಸು 25. ಹಳೇ ಪ್ರಮಾಣವನ್ನೇ ಈ ಬೆಲೆಗೆ ಕೊಂಡರೆ 11,390 ರೂಪಾಯಿ. ಏಪ್ರಿಲ್ 100 ಅಂದರೆ ಈ ನಾಲ್ಕರ ಸೂಚ್ಯಂಕ ಸುಮಾರು 259. ಕಾಂಟ್ರಾಕ್ಟರ್ ಹಾಕಿದ್ದು ಇದನ್ನೇ.

ನಿಜವಾಗಿ ಕೊಂಡದ್ದು ಬೇರೆ. ಟೊಮೇಟೊ 20 ಕೆಜಿ, ಹುಣಸೆ 8, ಬೀನ್ಸ್ 15, ಕೋಸು 60. ಇದಕ್ಕೆ ಆದ ಖರ್ಚು 6,280. ಇದೇ ಬುಟ್ಟಿ ಏಪ್ರಿಲ್ ಬೆಲೆಗೆ ಸಿಕ್ಕಿದ್ದರೆ 3,550. ಹೀಗೆ ಹೊಸ ಪ್ರಮಾಣ ಹಿಡಿದು ಹಾಕುವ ಸೂಚ್ಯಂಕವೇ ಪಾಶೆ, ಅದು ಸುಮಾರು 177. ಅದೇ ಅಡುಗೆಮನೆ, ಅದೇ ಬೆಲೆ. ಒಂದು ಕಡೆ 259, ಇನ್ನೊಂದು ಕಡೆ 177. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಫಿಶರ್ 214.

ಶೀಟ್ ಬೇಕೆಂದವರಿಗೆ: `B` ಕಾಲಮಿನಲ್ಲಿ ಹಳೇ ಬೆಲೆ, `C` ಹಳೇ ಪ್ರಮಾಣ, `D` ಹೊಸ ಬೆಲೆ, `E` ಹೊಸ ಪ್ರಮಾಣ. ಮೊದಲ ಸಾಲು ಲಾಸ್ಪೇರ್, ಎರಡನೆಯದು ಪಾಶೆ.

```
=100*SUMPRODUCT(D2:D5,C2:C5)/SUMPRODUCT(B2:B5,C2:C5)
=100*SUMPRODUCT(D2:D5,E2:E5)/SUMPRODUCT(B2:B5,E2:E5)
```

ಇಷ್ಟು ಸುಲಭವಾಗಿ ಇಲ್ಲಿಗೆ ಬಂದೆ ಅಂದುಕೊಳ್ಳಬೇಡಿ. ಮೊದಲು ಮಾಡಿದ್ದು ದಡ್ಡತನ. ಬಿಲ್ಲಿನ ಮೊತ್ತ 4,400ರಿಂದ 6,280ಕ್ಕೆ ಹೋಗಿದೆ, ಏರಿಕೆ ನೂರಕ್ಕೆ 43 ಅಷ್ಟೇ, ಅಂತ ಮ್ಯಾನೇಜರ್ ಮುಂದೆ ಜಂಬದಿಂದ ಹೇಳಿಬಿಟ್ಟೆ. ಕಾಂಟ್ರಾಕ್ಟರ್ ನಕ್ಕರು. "ಸಾರ್, ನಾಳೆಯಿಂದ ತರಕಾರಿನೇ ಹಾಕಲ್ಲ. ಆಗ ಬೆಲೆ ಇಳೀತು ಅಂತೀರಾ?" ಸರಿಯಾದ ಮಾತು. ಖರ್ಚಿನ ಅನುಪಾತ ಬೆಲೆ ಸೂಚ್ಯಂಕ ಅಲ್ಲ, ಅದರೊಳಗೆ ಪ್ರಮಾಣ ಇಳಿದದ್ದೂ ಸೇರಿದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ದುಡ್ಡು ಉಳಿಸುವ ಆತುರದಲ್ಲಿ ಜಾರಿದೆ.

ಆಮೇಲೆ ಪಾಶೆ ಒಂದನ್ನೇ ಹಿಡಿದುಕೊಂಡೆ. ನಮಗೆ ಲಾಭ ಅದರಲ್ಲೇ ತಾನೇ? ಅದೂ ನಿಲ್ಲಲಿಲ್ಲ. ಈ ಸಲ ಮಾತಾಡಿದ್ದು ಭಟ್ಟರು. "ಹುಣಸೆ ಸಾರು ನೀವು ಇಷ್ಟಪಟ್ಟು ತಿಂದ್ರಾ, ಇಲ್ಲ ವಿಧಿ ಇಲ್ಲದೆ ತಿಂದ್ರಾ?" ಪಾಶೆ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಹೊಸ ಬುಟ್ಟಿಯೇ ಮೊದಲಿಂದ ಇತ್ತು ಎಂಬಂತೆ ಲೆಕ್ಕ ಹಾಕುತ್ತದೆ. ಲಾಸ್ಪೇರ್‌ಗೆ ಬದಲಿ ಎಂಬುದೇ ಗೊತ್ತಿಲ್ಲ, ಪಾಶೆಗೆ ಬದಲಿಯ ಕಷ್ಟ ಗೊತ್ತಿಲ್ಲ. ಒಂದು ಮೇಲೆ ವಾಲುತ್ತದೆ, ಇನ್ನೊಂದು ಕೆಳಗೆ. ಹಾಗಾಗಿ ಮಧ್ಯದ ಫಿಶರ್.

ಇದಕ್ಕೆ ನಮ್ಮ ಲೆಕ್ಕಪರಿಶೋಧಕರು ಒಪ್ಪಲಿಲ್ಲ. ಇದೆಲ್ಲ ಪರೀಕ್ಷೆಗೆ ಓದೋದು, ಒಪ್ಪಂದದಲ್ಲಿ ಯಾರು ಹಾಕ್ತಾರೆ ಅಂದರು. ಸುಮ್ನೆ ಸರ್ಕಾರದ ಗ್ರಾಹಕ ಬೆಲೆ ಸೂಚ್ಯಂಕ, ಅಂದರೆ ಸಿಪಿಐ ಹಾಕಿಬಿಡಿ ಅಂತ ಸಲಹೆ. ಅದನ್ನೂ ನೋಡಿದೆ. ಆಗ ನಡೆಯುತ್ತಿದ್ದ 2012 ಆಧಾರದ ಸರಣಿಯ ತೂಕಗಳು 2011-12ರಲ್ಲಿ ಮನೆಗಳು ಮಾಡಿದ ಖರ್ಚಿನವು. ಆಹಾರ ಮತ್ತು ಪಾನೀಯಕ್ಕೆ ನೂರಕ್ಕೆ ಸುಮಾರು 46, ಉಳಿದದ್ದು ಬಟ್ಟೆ, ಬಾಡಿಗೆ, ಔಷಧಿ, ಬಸ್ಸು. ನನ್ನ ಕ್ಯಾಂಟೀನಿಗೂ ಅದಕ್ಕೂ ಏನು ಸಂಬಂಧ? ಬದಲಿಯ ಸಮಸ್ಯೆ ಅಲ್ಲೂ ಇದೆ. ಒಂದೇ ಐಟಂನ ಬೇರೆ ಬೇರೆ ಅಂಗಡಿ ಬೆಲೆಗಳನ್ನು ಜ್ಯಾಮಿತೀಯ ಸರಾಸರಿಯಲ್ಲಿ ಸೇರಿಸುವುದರಿಂದ ಒಳಗಿನ ಬದಲಿ ಸ್ವಲ್ಪ ಹಿಡಿಯುತ್ತದೆ. ಆದರೆ ಟೊಮೇಟೊದ ತೂಕ ಹುಣಸೆಗೆ ಹೋಗುವುದಿಲ್ಲ.

ಬದಲಿಯನ್ನು ಹಿಡಿಯದೆ ಸೂಚ್ಯಂಕ ಹೀಗೆ ಮೇಲೆ ವಾಲುವ ಬಯಾಸ್ ಎಷ್ಟಿರುತ್ತದೆ ಎನ್ನುವುದರಲ್ಲೂ ನಮ್ಮವರಿಗೆ ಗೊಂದಲ. 1996ರಲ್ಲಿ ಅಮೆರಿಕದ ಬಾಸ್ಕಿನ್ ಸಮಿತಿ ಅಲ್ಲಿನ ಸಿಪಿಐ ವರ್ಷಕ್ಕೆ 1.1 ಅಂಶ ಜಾಸ್ತಿ ತೋರಿಸುತ್ತದೆ ಅಂದಿತು. ಅದರಲ್ಲಿ ಬದಲಿಯ ಪಾಲು 0.4 ಮಾತ್ರ. ಅದನ್ನು ಓದಿದ ಪರಿಶೋಧಕರು, ಅರ್ಧ ಅಂಶಕ್ಕೆ ಇಷ್ಟು ಗಲಾಟೆ ಯಾಕೆ ಅಂದರು. ಅಲ್ಲೇ ಇರೋದು ವಿಷಯ. ಎಲ್ಲ ಬೆಲೆ ಒಂದೇ ಸಮ ಏರಿದರೆ ಈ ಬಯಾಸ್ ಸೊನ್ನೆ. ಒಂದು ಐದು ಪಟ್ಟು ಏರಿ, ಪಕ್ಕದ್ದು ಅಲ್ಲೇ ಇದ್ದರೆ ಮಾತ್ರ ಅದು ಹಿಗ್ಗುತ್ತದೆ. ಇಡೀ ದೇಶದ ನೂರಾರು ಐಟಂನಲ್ಲಿ ಅದು ಕರಗಿಹೋಗುತ್ತದೆ. ಒಂದು ಅಡುಗೆಮನೆಯಲ್ಲಿ ಕರಗಲ್ಲ.

ಪೂರ್ತಿ ಬುಟ್ಟಿಗೆ ಬರೋಣ. ಏಪ್ರಿಲ್‌ನಲ್ಲಿ ವಾರದ ಸಾಮಾನು 52,000 ರೂಪಾಯಿ ಆಸುಪಾಸು. ಈ ನಾಲ್ಕು ತರಕಾರಿ ಬಿಟ್ಟರೆ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸ್ ಎಲ್ಲ ಸೇರಿ ನೂರಕ್ಕೆ 5 ಏರಿತ್ತು. ಅಲ್ಲಿ ಹೇಳಿಕೊಳ್ಳುವಂಥ ಬದಲಿ ಇರಲಿಲ್ಲ. ಒಟ್ಟು ಲಾಸ್ಪೇರ್ 118, ಪಾಶೆ 110, ಫಿಶರ್ 114. ಲಾಸ್ಪೇರ್‌ಗೂ ಫಿಶರ್‌ಗೂ ಬರೀ ನಾಲ್ಕು ಅಂಶದ ವ್ಯತ್ಯಾಸ. ಊಟಕ್ಕೆ ಸಾಮಾನಿನ ಪಾಲು ಸುಮಾರು 40 ರೂಪಾಯಿ, ಹಾಗಾಗಿ ಊಟಕ್ಕೆ ಒಂದೂವರೆ ರೂಪಾಯಿ ಚಿಲ್ಲರೆ. ವಾರಕ್ಕೆ 2,000 ದಾಟುತ್ತದೆ. ಒಪ್ಪಂದದ ರೇಟು ಆರು ತಿಂಗಳು ಬದಲಾಗಲ್ಲ. ಐವತ್ತು ಸಾವಿರದ ಮೇಲೆ! ಈ ಅಂಕಿ ಹೇಳಿದ ಮೇಲೆ ಮ್ಯಾನೇಜರ್ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಪಾಶೆ ಭಾಗಕ್ಕೆ ನಿಜವಾದ ಪ್ರಮಾಣ ಬೇಕು. ಕಷ್ಟ ಇರೋದು ಇಲ್ಲೇ. ಬಿಲ್ಲಿನಲ್ಲಿ "ತೊಗರಿಬೇಳೆ" ಅಂತಲೇ ಇರುತ್ತದೆ, ಆದರೆ ಒಂದು ವಾರ ಬೆಲೆ ಇದ್ದಕ್ಕಿದ್ದಂತೆ ಇಳಿದಿತ್ತು. ಬೆಲೆ ಇಳಿದಿರಲಿಲ್ಲ, ಎರಡನೇ ದರ್ಜೆ ಬೇಳೆ ಬಂದಿತ್ತು. ಇದನ್ನು ಬದಲಿ ಅಂತ ಒಳಗೆ ಬಿಟ್ಟರೆ ಗುಣಮಟ್ಟ ಕುಸಿದದ್ದನ್ನು ಉಳಿತಾಯ ಅಂತ ಬರೆದುಕೊಂಡ ಹಾಗೆ. ನಾನು ಹಿಡಿದದ್ದು ಊಟಕ್ಕೆ ಬಿದ್ದ ಗ್ರಾಂ ನೋಡಿ. ಅಂಥ ಬೇಳೆ ಸರಿಯಾಗಿ ಬೇಯುವುದಿಲ್ಲ, ಸಾಂಬಾರು ಗಟ್ಟಿಯಾಗಲು ಜಾಸ್ತಿ ಹಾಕಬೇಕು. ಅಗ್ಗವಾಯಿತು ಅನ್ನುವ ವಾರವೇ ಗ್ರಾಂ ಏರಿದ್ದರೆ ದರ್ಜೆ ಬದಲಾಗಿದೆ. ಅಂಥ ಸಾಲಿಗೆ ಮೊದಲ ದರ್ಜೆಯ ಬೆಲೆಯನ್ನೇ ಹಾಕಿ ಸರಿ ಮಾಡಿದೆ. ಇನ್ನು ಅಡುಗೆಮನೆಯ ಪ್ರಮಾಣ ಬಿಲ್ಲಿನ ಪ್ರಮಾಣಕ್ಕೆ ತಾಳೆ ಆಗುತ್ತದೋ ಇಲ್ಲವೋ ನೋಡಲು ಒಂದು ದಾರಿ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ನಮ್ಮ ಕಾಂಟ್ರಾಕ್ಟರೂ ಓದ್ತಾರೆ.

ಪ್ರಮಾಣ ಸಿಗದ ವಾರಗಳೂ ಇದ್ದವು. ಆಗ ಒಂದು ಸಣ್ಣ ಪ್ರಯೋಗ ಮಾಡಿದೆ. ಏಪ್ರಿಲ್‌ನ ಖರ್ಚಿನ ಪಾಲುಗಳನ್ನೇ ಇಟ್ಟುಕೊಂಡು ಬೆಲೆ ಅನುಪಾತಗಳ ಜ್ಯಾಮಿತೀಯ ಸರಾಸರಿ ತೆಗೆದೆ. ಟೊಮೇಟೊ ಪಾಲು 27, ಬೀನ್ಸ್ 45, ಹುಣಸೆ ಮತ್ತು ಕೋಸು ತಲಾ 14ರ ಹತ್ತಿರ. ಬಂದದ್ದು 221. ಫಿಶರ್ 214ಕ್ಕೆ ಎಷ್ಟು ಹತ್ತಿರ ನೋಡಿ! ಹೊಸ ಪ್ರಮಾಣ ಒಂದೂ ಬೇಡ. ಅಂದು ರಾತ್ರಿ ಖುಷಿಯಲ್ಲಿ ಹೆಂಡತಿಗೂ ವಿವರಿಸಿದೆ. ಅವಳು ಒಂದೇ ಮಾತು ಕೇಳಿದಳು, "ಈರುಳ್ಳಿಗೆ ಬದಲು ಏನು ಹಾಕ್ತೀರಾ?" ಖುಷಿ ಇಳಿಯಿತು. ಆ ಸೂತ್ರ ಬೆಲೆ ಎಷ್ಟೇ ಏರಲಿ ಖರ್ಚಿನ ಪಾಲು ಹಾಗೇ ಇರುತ್ತದೆ ಅಂತ ನಂಬುತ್ತದೆ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಈರುಳ್ಳಿ ಕೆಜಿಗೆ ನೂರು ದಾಟಿ ಹೋದಾಗ ನಾವು ಸ್ವಲ್ಪ ಕಡಿಮೆ ಹಾಕಿದೆವು, ಬಿಡಲಿಲ್ಲ. ಪಾಲು ಏರಿತು. ಈರುಳ್ಳಿ, ಉಪ್ಪಿನಂಥ ಸಾಲುಗಳಿಗೆ ಹಳೇ ಲಾಸ್ಪೇರೇ ಸರಿ. ಜ್ಯಾಮಿತೀಯ ಸರಾಸರಿ ಹಾಕಿದರೆ ಕಾಂಟ್ರಾಕ್ಟರಿಗೆ ಅನ್ಯಾಯ.

ಇನ್ನೊಂದು ಹೊಂಡ, ನಾನು ಪೂರ್ತಿ ಬಿದ್ದದ್ದು. ಬುಟ್ಟಿ ಹಳೆಯದಾಗುವುದೇ ಸಮಸ್ಯೆ ಅಂದಮೇಲೆ ಪ್ರತಿ ಸಲ ಹೊಸ ಬುಟ್ಟಿ ಹಾಕಿ, ಬಂದ ಅನುಪಾತವನ್ನು ಹಿಂದಿನ ಸೂಚ್ಯಂಕಕ್ಕೆ ಗುಣಿಸುತ್ತಾ ಸರಪಳಿ ಮಾಡಿದರಾಯಿತು, ಅಲ್ವಾ? ಹಾಗೇ ಮಾಡಿದೆ. ಏಪ್ರಿಲ್‌ನಿಂದ ಜುಲೈಗೆ 259. ಅಕ್ಟೋಬರ್ ಹೊತ್ತಿಗೆ ಬೆಲೆಗಳೆಲ್ಲ ಹೆಚ್ಚುಕಡಿಮೆ ಹಳೇ ಜಾಗಕ್ಕೆ ಬಂದಿದ್ದವು. ಲೆಕ್ಕಕ್ಕೆ ಪೂರ್ತಿ ಬಂದವು ಅಂತಲೇ ಇಟ್ಟುಕೊಳ್ಳಿ. ಜುಲೈ ಬುಟ್ಟಿಯಲ್ಲಿ ಟೊಮೇಟೊ ಬರೀ 20 ಕೆಜಿ, ಹಾಗಾಗಿ ಅದರ ಇಳಿಕೆಗೆ ತೂಕ ಸಿಗಲಿಲ್ಲ. 6,280 ಇದ್ದದ್ದು 3,550 ಆಯಿತು. ಕೊಂಡಿ 0.565. ಗುಣಿಸಿದರೆ 146. ಬೆಲೆಗಳು ಏಪ್ರಿಲ್‌ನವೇ, ಸೂಚ್ಯಂಕ 146! ಏರುವಾಗ ದೊಡ್ಡ ತೂಕ, ಇಳಿಯುವಾಗ ಸಣ್ಣ ತೂಕ. ಜಿಗಿದು ಬೀಳುವ ತರಕಾರಿಗೆ ಲಾಸ್ಪೇರ್ ಸರಪಳಿ ಹಾಕಿದರೆ ಬಯಾಸ್ ಹೋಗಲ್ಲ, ಇನ್ನೂ ಜಾಸ್ತಿಯಾಗುತ್ತದೆ. ನನ್ನ ಪುಣ್ಯ, ಆ ಶೀಟು ಕಾಂಟ್ರಾಕ್ಟರ್ ಕೈಗೆ ಹೋಗುವ ಮೊದಲೇ ಕಣ್ಣಿಗೆ ಬಿತ್ತು.

ಫಿಶರ್ ಸರಪಳಿ ಇಲ್ಲಿ ಚೆನ್ನಾಗಿ ನಡೆದುಕೊಳ್ಳುತ್ತದೆ. ಬೆಲೆ ಮತ್ತು ಪ್ರಮಾಣ ಎರಡೂ ಹಳೆಯದಕ್ಕೆ ಮರಳಿದರೆ ಅದು ಸರಿಯಾಗಿ 100ಕ್ಕೆ ಬರುತ್ತದೆ. ಇದನ್ನು ತೋರಿಸಿಯೇ ಪರಿಶೋಧಕರ ಬಾಯಿ ಮುಚ್ಚಿಸಿದ್ದು. ಕಾಂಟ್ರಾಕ್ಟರ್ ಕೂಡ 14ಕ್ಕೆ ಸಹಿ ಹಾಕಿದರು. ಬೆಲೆ ಇಳಿದರೆ ಅದೇ ಸೂತ್ರದಲ್ಲಿ ರೇಟೂ ಇಳಿಯಬೇಕು ಅಂತ ಒಂದು ಸಾಲು ಸೇರಿಸಿದೆ, ಅದಕ್ಕೂ ಒಪ್ಪಿದರು. ಒಂದೂವರೆ ದಿನ ಜಗ್ಗಾಡಿದ ಮೇಲೆ.

ಆದರೆ ಅಕ್ಟೋಬರ್‌ನ ನಿಜವಾದ ಪ್ರಮಾಣ ಕೈಗೆ ಬಂದಾಗ ಮತ್ತೆ ತಲೆ ಕೆರೆದುಕೊಂಡೆ. ಬೀನ್ಸ್, ಕೋಸು ಹಳೇ ಪ್ರಮಾಣಕ್ಕೆ ಬಂದಿದ್ದವು. ಟೊಮೇಟೊ 45 ಕೆಜಿಗೇ ನಿಂತಿತ್ತು, ಹುಣಸೆ 6 ಕೆಜಿ ಹಾಗೇ ಉಳಿದಿತ್ತು. ಹುಡುಗರಿಗೆ ಹುಣಸೆ ಸಾರು ರುಚಿ ಹತ್ತಿಬಿಟ್ಟಿತ್ತು, ವಾರಕ್ಕೆರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದರಂತೆ. ಬೆಲೆಗೂ ಇದಕ್ಕೂ ಈಗ ಸಂಬಂಧ ಇಲ್ಲ. ಈ ಪ್ರಮಾಣ ಹಾಕಿದರೆ ಫಿಶರ್ ಸರಪಳಿಯೂ 100ಕ್ಕೆ ಬರಲಿಲ್ಲ, 106 ಹತ್ತಿರ ನಿಂತಿತು. ಅದಕ್ಕೇ ಈಗ ಸರಪಳಿ ಬಿಟ್ಟಿದ್ದೇನೆ. ಪ್ರತಿ ಸಲ ಏಪ್ರಿಲ್‌ಗೇ ನೇರವಾಗಿ ಹೋಲಿಸುತ್ತೇನೆ, ವರ್ಷಕ್ಕೊಮ್ಮೆ ಆಧಾರ ಬದಲಿಸುತ್ತೇನೆ, ಅದೂ ಬೆಲೆ ಶಾಂತವಾಗಿರುವ ತಿಂಗಳು ನೋಡಿ. ಭಟ್ಟರು ಮಾತ್ರ ಸಿಕ್ಕಾಗಲೆಲ್ಲ ಕೇಳುತ್ತಾರೆ, "ರುಚಿ ಬದಲಾದ್ರೆ ಯಾವ ಕಾಲಮಿಗೆ ಹಾಕ್ತೀರಿ ಸಾರ್?"